ಐದನೇ ಸಾಲಿನ ಒಂದು ಮಾತ್ರೆ

ಲಘು ಗುರು ಹಾಕುವ ಕೆಲಸಕ್ಕೆ ಕಂಪ್ಯೂಟರನ್ನು ನಂಬಿದವರು ಕೆಟ್ಟರು. ಪರದೆಯ ಮೇಲೆ ಅಕ್ಷರದ ನೆತ್ತಿಗೆ ಸರಿಯಾಗಿ ಕೂತಿದ್ದ ಗುರುತು, ಪ್ರಿಂಟ್ ತೆಗೆದ ಕೂಡಲೇ ಪಕ್ಕದ ಅಕ್ಷರದ ತಲೆಯ ಮೇಲೆ ಹೋಗಿ ಕೂರುತ್ತದೆ. ಲಘುವಿದ್ದಲ್ಲಿ ಗುರು, ಗುರುವಿದ್ದಲ್ಲಿ ಬೋಳು. ಅಂಥ ಹಾಳೆಗಳನ್ನು ಹರಿದು ಹರಿದು ನನ್ನ ಸಿಟ್ಟು ನೆತ್ತಿಗೇರಿತ್ತು. ಕೊನೆಗೆ ಒಂದು ಉಪಾಯ ಹೊಳೆಯಿತು. ಕೋಷ್ಟಕ ಹಾಕಿ ಒಂದೊಂದು ಅಕ್ಷರಕ್ಕೂ ಒಂದೊಂದು ಮನೆ ಕೊಟ್ಟೆ. ಮೇಲಿನ ಮನೆಯಲ್ಲಿ ಗುರುತು, ಕೆಳಗಿನ ಮನೆಯಲ್ಲಿ ಅಕ್ಷರ. ಆಮೇಲೆ ಯಾರೂ ಎಲ್ಲಿಗೂ ಓಡಿಹೋಗಲಿಲ್ಲ.

"ಇಷ್ಟು ಚಂದ ಮಾಡಿ ನಮ್ಮ ಅಂಗಡಿಯ ರೇಟ್ ಲಿಸ್ಟ್ ಮಾಡಿಕೊಟ್ಟಿದ್ದರೆ ಆಗ್ತಿತ್ತು" ಎಂದರು ನನ್ನ ಗಂಡ ನೌಷಾದ್. ಕುವೈತಿನ ಸಾಲ್ಮಿಯಾದಲ್ಲಿ ಅವರದು ಅತ್ತರಿನ ಅಂಗಡಿ. ಪ್ರಿಂಟರ್ ಕೂಡ ಅಂಗಡಿಯದೇ. ಹಾಗಾಗಿ ಅವರಿಗೆ ಮಾತಾಡುವ ಹಕ್ಕಿತ್ತು.

ಕೆಲಸ ನನ್ನ ತಲೆಗೆ ಬಂದದ್ದು ಬಾಳಾಸಾಹೇಬ ಮಾಸ್ತರರಿಂದ. ಚಿಕ್ಕೋಡಿ ಕಡೆಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಹೆಂಡತಿ ನೀಲವ್ವ ತೀರಿಕೊಂಡ ಮೇಲೆ ಮಗ ಅಭಿನಂದನ ಅವರನ್ನು ಇಲ್ಲಿನ ಮಂಗಫಿಗೆ ಕರೆತಂದಿದ್ದ. ಅವನು ರಿಫೈನರಿಯಲ್ಲಿ ಎಂಜಿನಿಯರ್. ಬಂದ ಹೊಸದರಲ್ಲಿ ಮಾಸ್ತರರು ಕಿಟಕಿಯ ಬಳಿ ಕೂತು ಕಂಪನಿ ಬಸ್ಸುಗಳನ್ನು ನೋಡುತ್ತಿದ್ದರಂತೆ, ಊಟಕ್ಕೆ ಕರೆದರೂ ಏಳುತ್ತಿರಲಿಲ್ಲವಂತೆ. ಸೊಸೆ ಸೀಮಾ ಅಕ್ಕಪಕ್ಕದ ಮಕ್ಕಳನ್ನು ಸೇರಿಸಿ ಶುಕ್ರವಾರ ಬೆಳಿಗ್ಗೆ ಒಂದು ಕನ್ನಡ ಕ್ಲಾಸು ಶುರುಮಾಡಿದಳು. ಅಂದಿನಿಂದ ಮುದುಕರು ನೆಟ್ಟಗೆ ನಿಂತರು.

"ಶುಕ್ರವಾರ ಐತಿ ಅಂತನ ಅವರು ಉಳದ ದಿನ ಹಾಸಿಗಿ ಬಿಟ್ಟ ಏಳ್ತಾರ, ಅಕ್ಕಾ" ಎಂದಿದ್ದಳು ಸೀಮಾ ಒಮ್ಮೆ. ಅದರಲ್ಲಿ ಉತ್ಪ್ರೇಕ್ಷೆ ಇರಲಿಲ್ಲ, ನಾನೇ ಕಣ್ಣಾರೆ ಕಂಡಿದ್ದೇನೆ.

ನಾನು ಮಗಳು ಜುಮಾನಾಳನ್ನು ಬಿಡಲು ಹೋಗಿ ಹಿಂದಿನ ಕುರ್ಚಿಯಲ್ಲಿ ಕೂರುತ್ತಿದ್ದೆ. ಮಂಗಳೂರಿನಲ್ಲಿ ಕನ್ನಡ ಎಂ.ಎ. ಮಾಡಿದವಳು ನಾನು. ಪರೀಕ್ಷೆಗೆ ಉರುಹೊಡೆದ ಛಂದಸ್ಸನ್ನು ಪರೀಕ್ಷೆ ಮುಗಿದ ಸಂಜೆಯೇ ಮರೆತಿದ್ದೆ. ಮಾಸ್ತರರ ಕೈಯಲ್ಲಿ ಅದೇ ಛಂದಸ್ಸು ಬೇರೆಯೇ ಆಗಿ ಕಂಡಿತು. ಅವರು ಹಾಡುತ್ತಿದ್ದರು. ಬೆರಳು ಮಡಚಿ ಎಣಿಸುತ್ತಿದ್ದರು. ಲಘು ಬಂದರೆ ಒಂದು ಬೆರಳು, ಗುರು ಬಂದರೆ ಎರಡು. ಇಂಗ್ಲಿಷಿನಲ್ಲೇ ಉತ್ತರ ಕೊಡುವ ನಮ್ಮ ಮಕ್ಕಳು ಕೂಡ ಬೆರಳು ಮಡಚುವುದರಲ್ಲಿ ಪಂಡಿತರಾದರು. ಉದಾಹರಣೆಗೆ ಯಾವ ಹಳೆಯ ಕವಿಯನ್ನೂ ಅವರು ಕರೆತರುತ್ತಿರಲಿಲ್ಲ. "ಬ್ಯಾರೆದವರ ಅಂಗಿ ಯಾಕ? ನಮ್ಮ ಮೈ ಅಳತಿ ತಗೊಂಡ ನಾವ ಹೊಲಿಯೋಣು" ಎಂದು ತಾವೇ ಸಾಲು ಕಟ್ಟುತ್ತಿದ್ದರು.

ಅವರದೊಂದು ಆಟವಿತ್ತು. ಕೆಲವು ವಾರ ಪಾಠದೊಳಗೆ ಬೇಕೆಂದೇ ಒಂದು ತಪ್ಪು ಸಾಲು ಸೇರಿಸುತ್ತಿದ್ದರು. ಎಲ್ಲೋ ಒಂದು ಮಾತ್ರೆ ಕಮ್ಮಿ, ಇಲ್ಲವೇ ಒಂದು ಹೆಚ್ಚು. ಆ ತಪ್ಪಿಗೆ ಅವರಿಟ್ಟ ಹೆಸರು ಕಳ್ಳ. ಪಾಠ ಮುಗಿದ ಮೇಲೆ "ಕಳ್ಳ ಸಿಕ್ಕನೇನ?" ಎಂದು ಕೇಳುವರು. ಹಿಡಿದುಕೊಟ್ಟ ಮಗುವಿಗೆ ಜುಬ್ಬಾದ ಜೇಬಿನಿಂದ ಶೇಂಗಾ ಚಿಕ್ಕಿ. ಒಂದು ಪಾಠಕ್ಕೆ ಒಬ್ಬನೇ ಕಳ್ಳ, ಇಬ್ಬರಿಲ್ಲ. ಇದು ಅವರೇ ಮಾಡಿದ ಕಾಯ್ದೆ. ಕಳ್ಳನಿರುವ ದಿನ ಬೆಳಿಗ್ಗೆ ಅವರು ಸೀಮಾಳ ಬಳಿ ಒಂದೇ ಒಂದು ಚಿಕ್ಕಿ ಕೇಳಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಮನೆಯವರಿಗೆಲ್ಲ ಗೊತ್ತಿದ್ದ ಗುಟ್ಟು ಇದು: ಚಿಕ್ಕಿ ಕೇಳಿದರೆ ಇವತ್ತು ತಪ್ಪು ಉಂಟು, ಕೇಳದಿದ್ದರೆ ಇಲ್ಲ.

ಒಂದು ಶುಕ್ರವಾರ ಮಗ ಸೊಸೆ ದೊಡ್ಡವರನ್ನೂ ಕರೆದು ಮಾಸ್ತರರಿಂದ ದೀರ್ಘ ಉಪನ್ಯಾಸ ಮಾಡಿಸಿದರು. ರಗಳೆಗಳಿಂದ ಹಿಡಿದು ಭಾಮಿನಿ ಷಟ್ಪದಿಯವರೆಗೆ. ನನಗೆ ಅಂದು ಜ್ವರ, ಹೋಗಿರಲಿಲ್ಲ. ಹೋದವರೆಲ್ಲ ಕೊಂಡಾಡಿದ್ದೇ ಕೊಂಡಾಡಿದ್ದು. ಆ ವಾರವೇ ಅಭಿನಂದನ ಮೊಬೈಲಿನಲ್ಲಿ ಹಿಡಿದ ಧ್ವನಿಯನ್ನು ಒಂದು ಸಿಡಿಗೆ ಹಾಕಿ ನಮ್ಮ ಮನೆಗೆ ತಂದ.

"ಅಕ್ಕಾರ, ಇದನ್ನ ಒಂದ ಚಾರ್ಟ್ ಮಾಡಿಕೊಡ್ರಿ. ಮಕ್ಕಳಿಗೆ ಕಿವ್ಯಾಗ ಕೇಳಿದ್ದು ನಿಲ್ಲೂದಿಲ್ಲ, ಗ್ವಾಡಿ ಮ್ಯಾಲ ಕಾಣಬೇಕು. ಛಂದಸ್ಸಿನ ಹೆಸರು, ಗಣ, ಮಾತ್ರಿ ಗುರುತು, ಅಪ್ಪಾಜಿ ಹೇಳಿದ ಸಾಲು. ನಂಗ ಇದು ಒಂದೂ ತಿಳಿಯೂದಿಲ್ಲ" ಎಂದ. ಆಮೇಲೆ ಬಾಗಿಲ ಬಳಿ ನಿಂತು ಇನ್ನೊಂದು ಮಾತು ಸೇರಿಸಿದ. "ಈಗೀಗ ಅವರಿಗೆ ಸುಸ್ತ ಭಾಳ. ಹೆಸರ ಮರೀತಾರ. ಹಿಂಗ ಆದ್ರ ಕ್ಲಾಸ್ ಬಂದ್ ಮಾಡಿಬಿಡ್ತೀನ್ರಿ. ಪಾಠದಾಗ ಅಂತೂ ಏನೂ ಮರತಿಲ್ಲಲ್ಲ, ಅದಕ್ಕ ಸುಮ್ಮನದೀನಿ."

ಅವನು ಹೋದ ಮೇಲೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಕೂತೆ.

ಮೊದಲು ಉತ್ಸಾಹ ರಗಳೆ. ಮೂರು ಮೂರು ಮಾತ್ರೆಯ ಗಣಗಳು. 'ಬಿಸಿಲ ಬೀದಿ ನಡೆವ ದಾರಿ' ಎಂದು ಮಾಸ್ತರರು ಹಾಡಿದರು. ಮನೆಗಳಲ್ಲಿ ತುಂಬಿದೆ:

U U U | – U | U U U | – U
ಬಿಸಿಲ | ಬೀದಿ | ನಡೆವ | ದಾರಿ

ಬಟ್ಟಲಿನಂತೆ ಬಾಗಿದ್ದು ಲಘು, ಒಂದು ಮಾತ್ರೆ. ಅಡ್ಡಗೆರೆ ಗುರು, ಎರಡು ಮಾತ್ರೆ. ಎಲ್ಲ ಗಣಕ್ಕೂ ಮೂರು ಸರಿಯಾಗಿ ಬಂತು. ನನಗೆ ಖುಷಿಯಾಯಿತು. ಮುಂದೆ ನಾಲ್ಕು ನಾಲ್ಕು ಮಾತ್ರೆಯ ಮಂದಾನಿಲ ರಗಳೆ, ಅದೂ ಸರಿ. ಆಮೇಲೆ ಐದೈದು ಮಾತ್ರೆಯ ಲಲಿತ ರಗಳೆ. ಹೆಸರು ಹೇಳಿದರು, ಐದು ಮಾತ್ರೆಯ ಗಣ ಎಂದೂ ಹೇಳಿದರು. ಸಾಲು ಮಾತ್ರ 'ಬಿಸಿಲಿನ ಬೀದಿಗೆ ನೆರಳನು ಹಾಸುತ' ಎಂದು ಬಂತು. ಬಿಸಿಲಿನ ನಾಲ್ಕು, ಬೀದಿಗೆ ನಾಲ್ಕು, ನೆರಳನು ನಾಲ್ಕು, ಹಾಸುತ ನಾಲ್ಕು. ಐದು ಎಲ್ಲೂ ಇಲ್ಲ. ನಾನು ಕೂತಲ್ಲೇ ನಕ್ಕೆ. ಕಳ್ಳ ಸಿಕ್ಕಿದ್ದ. ದೊಡ್ಡವರ ಮುಂದೆಯೂ ಮುದುಕರು ಆಟ ಬಿಟ್ಟಿರಲಿಲ್ಲ ಎಂದುಕೊಂಡು, ಹಾಳೆಯ ಅಂಚಿನಲ್ಲಿ ಒಂದು ಚಿಕ್ಕಿಯ ಚಿತ್ರ ಬರೆದೆ.

ಕೊನೆಗೆ ಭಾಮಿನಿ. ಆರು ಸಾಲು. ಒಂದು, ಎರಡು, ನಾಲ್ಕು, ಐದನೆಯ ಸಾಲಿನಲ್ಲಿ ಮೂರು ನಾಲ್ಕು ಮೂರು ನಾಲ್ಕು, ಒಟ್ಟು ಹದಿನಾಲ್ಕು ಮಾತ್ರೆ. ಮೂರು ಮತ್ತು ಆರನೆಯ ಸಾಲಿನಲ್ಲಿ ಮೂರು ನಾಲ್ಕರ ಜೋಡಿ ಮೂರು ಸಲ, ಕೊನೆಗೊಂದು ಗುರು, ಇಪ್ಪತ್ತಮೂರು. ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಇರಬೇಕು. ಇಷ್ಟನ್ನು ಹೇಳಿ ಮಾಸ್ತರರು ತಾವು ಕುವೈತಿನಲ್ಲಿ ಕೂತು ಕಟ್ಟಿದ ಪದ್ಯ ಹಾಡಿದರು. ಸಾಲು ಸಾಲಾಗಿ ನಿಲ್ಲಿಸಿ ನಿಲ್ಲಿಸಿ ಬರೆದುಕೊಂಡೆ. 'ಡ'ಕಾರ ಎಲ್ಲೂ ತಪ್ಪಿರಲಿಲ್ಲ.

ಕಡಲ ದಡದಲಿ ಮರಳ ಹಾಸಿಗೆ
ಬಿಡದೆ ಬೀಸುವ ಧೂಳ ಗಾಳಿಗೆ
ಸಡಿಲ ಹೆಜ್ಜೆಯನಿಟ್ಟು ಬಂದಿಹ ಮುದುಕ ನಾನಯ್ಯಾ
ನುಡಿಯ ನಾಡನು ಬಿಟ್ಟು ಬಂದರು

ಐದನೆಯ ಸಾಲು, ಕೇಳಿಸಿದ ಹಾಗೆಯೇ, 'ನಡೆಯ ಮಾತ್ರೆ ಮರೆಯಲಾರೆನು'. ಆರನೆಯದು 'ಹಿಡಿದ ಬೆರಳನು ಬಿಡದಿರೆಂದೂ ಲಯವೆ ನನ್ನೊಡೆಯಾ'.

ಗುರುತು ಹಾಕುತ್ತ ಬಂದೆ. ಐದನೆಯ ಸಾಲಿನ 'ಮಾತ್ರೆ'ಯ ಎರಡು ಮನೆಗೂ ಗುರು ಹಾಕಿ ನಾಲ್ಕು ಮಾಡಿ ಮುಂದೆ ಹೋದೆ. ಏಕೆಂದರೆ ಕಿವಿಗೆ ಹಾಗೆಯೇ ಕೇಳಿಸಿತ್ತು, 'ಮಾತ್ರೇ' ಎಂದು ಎಳೆದು ಹಾಡಿದ್ದರು. ತಿರುಗಿ ಓದುವಾಗ ಮಾಸ್ತರರದೇ ಮಾತು ನೆನಪಾಯಿತು. "ದನಿ ಎಷ್ಟರ ಎಳೀಲಿ, ನೀ ಅಕ್ಷರಕ್ಕ ಗುರುತ ಹಾಕು, ರಾಗಕ್ಕ ಹಾಕಬ್ಯಾಡ." ಅಕ್ಷರ ನೋಡಿದರೆ 'ತ್ರೆ' ಹ್ರಸ್ವ, ಮುಂದೆ ಒತ್ತಕ್ಷರವೂ ಇಲ್ಲ. ಅದು ಲಘು. ಹಾಗಾದರೆ ನಾಲ್ಕು ಬೇಕಾದಲ್ಲಿ ಮೂರೇ ಇತ್ತು. ಒಂದು ಮಾತ್ರೆ ಕಳೆದುಹೋಗಿತ್ತು, ರಾಗ ಅದನ್ನು ಮುಚ್ಚಿಕೊಂಡಿತ್ತು.

'ನಡೆಯ ಮಾತ್ರೆಯ ಮರೆಯಲಾರೆನು' ಎಂದು 'ಯ' ಸೇರಿಸಿದರೆ ಅಳತೆ ತುಂಬುತ್ತದೆ. ಅವರು ಕಟ್ಟಿದ್ದೂ ಹಾಗೆಯೇ ಇರಬೇಕು. ಮಾತ್ರೆಯನ್ನು ಮರೆಯಲಾರೆ ಎನ್ನುವ ಸಾಲಿನಲ್ಲೇ ಮಾತ್ರೆ ಕದಿಯುವುದು ಮಾಸ್ತರರಿಗೆ ಹೇಳಿ ಮಾಡಿಸಿದ ತುಂಟತನ. ಆದರೆ ನನ್ನ ನಗು ಅರ್ಧಕ್ಕೇ ನಿಂತಿತು. ಒಂದು ಪಾಠಕ್ಕೆ ಒಬ್ಬನೇ ಕಳ್ಳ. ಇದು ಎರಡನೆಯವನು.

ಧ್ವನಿಯನ್ನು ಕೊನೆಯವರೆಗೂ ಕೇಳಿದೆ. ಚಪ್ಪಾಳೆ ಬಂತು, ಕುರ್ಚಿ ಎಳೆದ ಸದ್ದು ಬಂತು, ಯಾರೋ ಚಹಾ ಎಂದರು. "ಕಳ್ಳ ಸಿಕ್ಕನೇನ?" ಎಂಬ ಪ್ರಶ್ನೆ ಬರಲೇ ಇಲ್ಲ.

ಸೀಮಾಳಿಗೆ ಫೋನ್ ಮಾಡಿದೆ. "ಆ ಉಪನ್ಯಾಸದ ದಿನ ಬೆಳಿಗ್ಗೆ ಮಾಸ್ತರರು ಚಿಕ್ಕಿ ಕೇಳಿದ್ರಾ?"

"ಇಲ್ಲಲ್ಲಕ್ಕಾ. ಯಾಕ?"

"ಸುಮ್ಮನೆ. ಜುಮಾನಾ ಕೇಳ್ತಾ ಇದ್ದಳು."

ಸಂಜೆ ನೌಷಾದರಿಗೆ ಎಲ್ಲ ಹೇಳಿದೆ. ಅವರು ಛಂದಸ್ಸಿನ ಗಂಧವಿಲ್ಲದ ಮನುಷ್ಯ. ಆದರೂ ಕೇಳಿ ತಮ್ಮ ತಂದೆಯ ಮಾತು ತೆಗೆದರು. "ನಮ್ಮ ಉಪ್ಪನಿಗೂ ಹೀಗೇ ಶುರುವಾದದ್ದು. ನಮಾಜಿನಲ್ಲಿ ಎಷ್ಟು ರಕಅತ್ ಆಯ್ತು ಅಂತ ಲೆಕ್ಕ ತಪ್ಪುತ್ತಿತ್ತು. ನೀನು ಹೇಳಬೇಡ, ಶಮೀಮಾ. ಹೇಳಿದ್ರೆ ಕ್ಲಾಸ್ ಖಲಾಸ್. ಕ್ಲಾಸ್ ಖಲಾಸ್ ಆದ್ರೆ ಆ ಮನುಷ್ಯನೂ ಖಲಾಸ್" ಎಂದರು.

"ಹೇಳದಿದ್ರೆ ಡಾಕ್ಟರಿಗೆ ತೋರಿಸೋದು ಯಾರು?"

ಅತ್ತ ದರಿ, ಇತ್ತ ಪುಲಿ ಎನ್ನುತ್ತಾರಲ್ಲ, ಹಾಗಾಯಿತು ನನ್ನ ಪಾಡು. ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೆಂದೇ ತಿಳಿಯಲಿಲ್ಲ. ಅಂದು ಅಲ್ಲಿ ಕೂತು ಚಪ್ಪಾಳೆ ತಟ್ಟಿದ ಅಷ್ಟೂ ಜನರ ಮೇಲೆ ಮಾಡಿದೆ. ಒಬ್ಬರಾದರೂ ಬೆರಳು ಮಡಚಬಾರದಿತ್ತೇ.

ಕೊನೆಗೆ ಕೈಲಾದದ್ದನ್ನು ಮಾಡಿದೆ. ಐದನೆಯ ಸಾಲಿಗೆ 'ಯ'ವನ್ನು ಅದರ ಮನೆಯಲ್ಲಿ ತಂದು ಕೂರಿಸಿದೆ. ಲಲಿತ ರಗಳೆಗೆ ನಾನೇ ಒಂದು ಸಾಲು ಕಟ್ಟಬೇಕಾಯಿತು. ಅಡುಗೆಮನೆಯಲ್ಲಿ ಬೆರಳು ಮಡಚುತ್ತ ಮಡಚುತ್ತ ಮೀನು ಸೀದುಹೋದ ಮೇಲೆ ಸಾಲು ಬಂತು:

– U – | U U – U | – U – | U U U U U
ದೂರದೂ | ರಿನ ದಾರಿ | ಕಣ್ಣಮುಂ | ದಿದೆಯೆನಗೆ

ಐದೈದರ ನಾಲ್ಕು ಗಣ. ಮಾಸ್ತರರ ಮಟ್ಟದ್ದಲ್ಲ, ಆದರೆ ಅಳತೆಗೆ ಸುಳ್ಳಿಲ್ಲ. ನನ್ನ ಸಾಲನ್ನು ಅವರ ಹೆಸರಿನ ಕೆಳಗೆ ಬರೆದು ದೊಡ್ಡದಾಗಿ ಪ್ರಿಂಟ್ ಹಾಕಿಸಿದೆ. ಗೋಡೆಯ ಮೇಲೆ ಎಲ್ಲ ಸರಿಯಿದ್ದರೆ ಮಾಸ್ತರರು ಗೋಡೆ ನೋಡಿಯೇ ಪಾಠ ಮಾಡುತ್ತಾರೆ, ಯಾರಿಗೂ ಏನೂ ಗೊತ್ತಾಗುವುದಿಲ್ಲ. ಇನ್ನಷ್ಟು ಶುಕ್ರವಾರಗಳು ಅವರಿಗೆ ಸಿಗುತ್ತವೆ. ಇಷ್ಟೇ ನನ್ನ ಲೆಕ್ಕ.

ಶುಕ್ರವಾರ ಚಾರ್ಟು ಸುತ್ತಿಕೊಂಡು ಮಂಗಫಿಗೆ ಹೋದೆವು. ಅಭಿನಂದನ ಸ್ಟೂಲ್ ಹತ್ತಿ ಅದನ್ನು ಹಾಲಿನ ಗೋಡೆಗೆ ಅಂಟಿಸಿದ. ಮಕ್ಕಳು ಚಾಪೆಯ ಮೇಲೆ ಕೂತರು. ಮಾಸ್ತರರು ಬಿಳಿ ಜುಬ್ಬಾ ತೊಟ್ಟು ಬಂದರು. ಚಾರ್ಟಿನ ಹತ್ತಿರ ಹೋಗಿ ಮನೆಮನೆಗೂ ಬೆರಳಾಡಿಸಿದರು.

"ಶಮೀಮಾ, ಒಂದೊಂದಕ್ಕೂ ಮನಿ ಕಟ್ಟಿಕೊಟ್ಟಿ ನೋಡು ಮಗಳ. ಇನ್ನ ಇವು ಬಾಡಿಗಿ ಮನಿ ಹುಡುಕೂದ ಬ್ಯಾಡ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಪಾಠ ಶುರುವಾಯಿತು. ಉತ್ಸಾಹ ಓದಿದರು, ಮಂದಾನಿಲ ಓದಿದರು. ಮಕ್ಕಳ ಬೆರಳು ಸಾಲಾಗಿ ಮಡಚಿಕೊಂಡವು. ಲಲಿತಕ್ಕೆ ಬಂದರು. ಅವರು ನನ್ನ ಸಾಲನ್ನು ಎರಡು ಸಲ ಓದಿ, ತಲೆದೂಗಿ, "ಛಲೋ ಬಂದೈತಿ. ಇದನ್ನ ಯಾವಾಗ ಮಾಡಿದ್ನೋ ಏನೋ" ಎಂದರು. ಬೇರೆ ಯಾರು ಮೆಚ್ಚಿದ್ದರೂ ಹಿಗ್ಗುತ್ತಿದ್ದೆ. ಆಗ ಅಳು ಬಂತು.

ಆದರೂ ಅಪಾಯ ದಾಟಿತು ಎಂದುಕೊಂಡೆ. ದಾಟಿರಲಿಲ್ಲ. ಭಾಮಿನಿಯ ಹೊತ್ತಿಗೆ ಮಾಸ್ತರರು ಚಾರ್ಟಿಗೆ ಬೆನ್ನು ಮಾಡಿ ನಿಂತರು. ಸ್ವಂತ ಪದ್ಯ, ಅದನ್ನು ಯಾಕೆ ಓದಬೇಕು? ಕಣ್ಣು ಮುಚ್ಚಿ ಹಾಡಿದರು. ಮಕ್ಕಳ ಕಣ್ಣು ಗೋಡೆಯ ಮೇಲಿತ್ತು, ಕಿವಿ ಅಜ್ಜನ ಮೇಲಿತ್ತು. ನಾಲ್ಕು ಸಾಲು ಎರಡೂ ಕೂಡಿಕೊಂಡು ನಡೆದವು. ಐದನೆಯದರಲ್ಲಿ ಗೋಡೆ 'ಮಾತ್ರೆಯ' ಎಂದಿತು, ಅಜ್ಜ 'ಮಾತ್ರೇ' ಎಂದು ಎಳೆದರು.

"ಕಳ್ಳ" ಎಂದಳು ನನ್ನ ಮಗಳು ಜುಮಾನಾ.

ಅವರು ಆರನೆಯ ಸಾಲು ಮುಗಿಸಿ ಕಣ್ಣು ತೆರೆದರು.

"ಫಿಫ್ತ್ ಲೈನ್, ಅಜ್ಜಾ. ಒನ್ ಮಾತ್ರೆ ಮಿಸ್ಸಿಂಗ್. ನೀವು 'ಯ' ಹೇಳಲಿಲ್ಲ. ಐ ಕಾಟ್ ಹಿಮ್" ಎಂದು ಅವಳು ಎದ್ದುನಿಂತು ಕೈಚಾಚಿದಳು. ಉಳಿದ ಮಕ್ಕಳೂ ಕಳ್ಳ, ಕಳ್ಳ ಎಂದು ಕೂಡಿಕೊಂಡವು. ನಾನು ಚಾರ್ಟನ್ನು ಸರಿಮಾಡದೆ ಇದ್ದಿದ್ದರೆ ಯಾವ ಮಗುವೂ ಬಾಯಿ ತೆರೆಯುತ್ತಿರಲಿಲ್ಲ.

ಮಾಸ್ತರರ ಕೈ ಅಭ್ಯಾಸಬಲದಿಂದ ಜುಬ್ಬಾದ ಜೇಬಿಗೆ ಹೋಯಿತು. ಬಲಗಡೆ ಏನೂ ಇರಲಿಲ್ಲ. ಎಡಗಡೆ ತಡಕಿದರು, ಬರೀ ಕರ್ಚೀಫು ಬಂತು. ಅಡುಗೆಮನೆಯ ಬಾಗಿಲಲ್ಲಿದ್ದ ಸೀಮಾ ನನ್ನ ಕಡೆ ನೋಡಿದಳು. ನನ್ನ ಫೋನು ಅವಳಿಗೆ ನೆನಪಾಗಿರಬೇಕು.

"ಅಪ್ಪಾಜಿ, ಚಿಕ್ಕಿ ತಗೊಳ್ಳೂದ ಮರತ್ರೇನು?" ಎಂದ ಅಭಿನಂದನ. ಅವನ ದನಿಯಲ್ಲಿ ಬೇಡಿಕೆಯಿತ್ತು. ಹೂಂ ಎಂದುಬಿಡಲಿ ಎಂದು ನಾನೂ ಬೇಡಿಕೊಂಡೆ.

"ಚಿಕ್ಕಿ ಯಾಕ ತಗೋಲಿ? ಇವತ್ತ ನಾ ಕಳ್ಳನ್ನ ಇಟ್ಟಿಲ್ಲ" ಎಂದರು ಮಾಸ್ತರರು ಖಡಾಖಂಡಿತವಾಗಿ. ಆಮೇಲೆ ನನ್ನ ಕಡೆ ತಿರುಗಿದರು. "ಶಮೀಮಾ, ನೀ ಓದಿದಾಕಿ. ನೀ ಹೇಳು. ನಾ ತಪ್ಪಿದ್ನೇನ?"

ಎಲ್ಲರೂ ನನ್ನನ್ನೇ ನೋಡಿದರು. ಹೌದು ಎಂದರೆ ಕ್ಲಾಸು ಅಲ್ಲಿಗೇ ಮುಗಿಯುತ್ತದೆ. ಇಲ್ಲ ಎಂದರೆ ಚಾಚಿದ ಕೈ ಹಾಗೇ ಹಿಡಿದು ನಿಂತ ನನ್ನ ಮಗಳು ಸುಳ್ಳಿಯಾಗುತ್ತಾಳೆ.

"ಇಲ್ಲ ಸಾರ್. ನಾನೇ ಚಾರ್ಟಿನಲ್ಲಿ ಒಂದು ಅಕ್ಷರ ಹೆಚ್ಚು ಬರೆದೆ. ಮಕ್ಕಳು ಅದನ್ನು ನೋಡಿ ಹಾಗೆ ಹೇಳಿದ್ದು" ಎಂದೆ.

ಜುಮಾನಾ ಕೈ ಇಳಿಸಿದಳು.

"ಹಂಗ ಹೇಳು ಮತ್ತ" ಎಂದರು ಮಾಸ್ತರರು. ಮುಖ ಅರಳಿತು. "ಗ್ವಾಡಿ ಮ್ಯಾಲ ತಪ್ಪ ಇರಬಾರದು. ಪೆನ್ ಕೊಡು."

ಕೊಡದೆ ಇರಲು ನನಗೆ ಕಾರಣ ಹೊಳೆಯಲಿಲ್ಲ. ಕೆಂಪು ಸ್ಕೆಚ್ ಪೆನ್ ಕೊಟ್ಟೆ. ಅವರು ಐದನೆಯ ಸಾಲನ್ನು ಹುಡುಕಿ, 'ಯ'ದ ಮನೆಯ ಮೇಲೆ ಗಟ್ಟಿಯಾಗಿ ಒಂದು ಗೀಟು ಎಳೆದರು. ಮೇಲಿನ ಲಘುವಿನ ಮೇಲೂ ಎಳೆದರು. ಆಮೇಲೆ ಮಕ್ಕಳ ಕಡೆ ತಿರುಗಿ, "ಈಗ ಎಣಿಸೋಣು" ಎಂದು ಎಡಗೈ ಎತ್ತಿ ಹಿಡಿದರು.

"ನಡೆಯ. ಮೂರು." ಮೂರು ಬೆರಳು ಮಡಚಿದವು. ಅವನ್ನು ಬಿಡಿಸಿಕೊಂಡು, "ಮಾ, ಎರಡು. ತ್ರೆ, ಮೂರು" ಎಂದರು. ನಾಲ್ಕನೆಯ ಬೆರಳು ನಿಂತೇ ಇತ್ತು. ಮಡಚಲು ಅಕ್ಷರವಿರಲಿಲ್ಲ. ಅವರು ಗಣದ ಮೇಲೆ ನಾನು ಬರೆದಿದ್ದ ನಾಲ್ಕು ಎಂಬ ಅಂಕಿಯನ್ನು ನೋಡಿದರು. ಮತ್ತೆ ಮೊದಲಿಂದ ಎಣಿಸಿದರು. "ಮಾ, ಎರಡು. ತ್ರೆ..." ಈ ಸಲ ದನಿ ಹೊರಗೆ ಬರಲಿಲ್ಲ, ತುಟಿ ಮಾತ್ರ ಆಡಿತು. ಮಕ್ಕಳೂ ಅವರ ಜೊತೆ ಮಡಚಿದವು. ಚಾಪೆಯ ತುಂಬ ನಾಲ್ಕನೆಯ ಬೆರಳುಗಳು ನಿಂತಿದ್ದವು.

ನಾನು ಹೋಗಿ ಅವರ ಕೈ ಹಿಡಿಯಬೇಕಿತ್ತು. ಏನಾದರೂ ಹೇಳಬೇಕಿತ್ತು. ನಾನು ಅಡಗಿಸಿಟ್ಟದ್ದನ್ನು ಅವರ ಕೈಯಿಂದಲೇ ಎಣಿಸಿ ತೋರಿಸುವ ಹಾಗೆ ಮಾಡಿದ್ದೆ. ಅಭಿನಂದನ ಗೋಡೆಗೆ ಮುಖ ಮಾಡಿ ನಿಂತಿದ್ದ. ಛಂದಸ್ಸು ತಿಳಿಯದವನಿಗೂ ಒಂದು ಬೆರಳು ಉಳಿದದ್ದು ತಿಳಿಯುತ್ತದೆ.

ಮಾಸ್ತರರು ಬೆರಳನ್ನು ನಿಧಾನವಾಗಿ ತಾವೇ ಮಡಚಿಕೊಂಡರು. ಹೊಡೆದುಹಾಕಿದ 'ಯ'ದ ಕೆಳಗೆ, ಇದ್ದ ಸಣ್ಣ ಜಾಗದಲ್ಲಿ, ಮತ್ತೆ ಒಂದು 'ಯ' ಬರೆದರು. ಅಕ್ಷರ ಸೊಟ್ಟಗಾಯಿತು. ಪೆನ್ನಿನ ಮುಚ್ಚಳ ಹಾಕಿ ನನ್ನ ಕೈಗೆ ಕೊಟ್ಟರು. ನನ್ನ ಮುಖ ನೋಡಲಿಲ್ಲ.

"ಸೀಮಾ, ಆ ಹುಡುಗಿಗೆ ಚಿಕ್ಕಿ ಕೊಡವಾ. ಆಕೀದ ಖರೇ ಐತಿ" ಎಂದು ಹೇಳಿ ಕಿಟಕಿಯ ಬಳಿಯ ಕುರ್ಚಿಗೆ ಹೋಗಿ ಕೂತರು.

ಸೀಮಾ ಚಿಕ್ಕಿ ತಂದುಕೊಟ್ಟಳು. ಜುಮಾನಾ ಅದನ್ನು ತಿನ್ನಲಿಲ್ಲ. ಕಾರಿನಲ್ಲಿ ಸಾಲ್ಮಿಯಾದವರೆಗೂ ಅಂಗೈಯಲ್ಲೇ ಹಿಡಿದುಕೊಂಡು ಬಂದಳು, ಬೆಲ್ಲ ಕರಗಿ ಬೆರಳಿಗೆಲ್ಲ ಅಂಟಿತು. ಒರೆಸಲು ಹೋದ ನನ್ನ ಕೈಯನ್ನು ತಳ್ಳಿದಳು.